ಪಾಲುದಾರಿಕೆ ಪತ್ರದ ಕೊನೆಯ ಷರತ್ತು



ಅಣ್ಣತಮ್ಮಂದಿರು ಸೇರಿ ವ್ಯಾಪಾರ ಶುರುಮಾಡುವಾಗ ಬರೆಸುವ ಪಾಲುದಾರಿಕೆ ಪತ್ರವನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಬಂಡವಾಳ ಯಾರದ್ದೆಷ್ಟು, ಲಾಭದಲ್ಲಿ ಪಾಲು ಎಷ್ಟು, ಬ್ಯಾಂಕಿನಲ್ಲಿ ಯಾರ ಸಹಿ ನಡೆಯಬೇಕು ಎಂಬುದನ್ನೆಲ್ಲ ಮನೆಯವರು ಕೂತು ಮಾತಾಡಿ ಬರೆಸಿರುತ್ತಾರೆ. ಕೊನೆಯ ಪುಟದಲ್ಲಿ, ಸಾಕ್ಷಿಗಳ ಸಹಿಗೆ ಸ್ವಲ್ಪ ಮೇಲೆ, ಇನ್ನೊಂದು ಷರತ್ತಿರುತ್ತದೆ: ಪಾಲುದಾರರ ನಡುವೆ ತಕರಾರು ಬಂದರೆ ಆರ್ಬಿಟ್ರೇಷನ್ನಿಗೆ ಒಪ್ಪಿಸತಕ್ಕದ್ದು. ಅದನ್ನು ಯಾರೂ ಮಾತಾಡಿರುವುದಿಲ್ಲ. ಪತ್ರ ಬರಹಗಾರರು ಹಳೆಯ ಮಾದರಿಯಿಂದ ಇಳಿಸಿಕೊಂಡದ್ದು ಅದು. ಹದಿನೈದು ಇಪ್ಪತ್ತು ವರ್ಷಗಳ ನಂತರ ಮನೆ ಒಡೆಯುವ ಹೊತ್ತಿಗೆ ಎಲ್ಲರ ಕಣ್ಣೂ ಮೊದಲು ಬೀಳುವುದು ಅದೇ ಷರತ್ತಿನ ಮೇಲೆ. ಒಬ್ಬರಿಗೆ ಅದು ಬೇಕು, ಇನ್ನೊಬ್ಬರಿಗೆ ಬೇಡ.

ಊರಿನ ಹಿರಿಯರು ಕೂರಿಸುವ ರಾಜಿ ಪಂಚಾಯ್ತಿಯಂತೆಯೇ ಇದೂ ಎಂದು ಕೆಲವರು ತಿಳಿಯುತ್ತಾರೆ. ರಾಜಿ ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಟರ್ ಮುಂದೆ ಹಾಗಾಗುವುದಿಲ್ಲ. ಅವರು ಕೊಡುವ ಅವಾರ್ಡು, 1996ರ ಆರ್ಬಿಟ್ರೇಷನ್ ಮತ್ತು ಕಾನ್ಸಿಲಿಯೇಷನ್ ಕಾಯ್ದೆಯ 36ನೇ ಕಲಮಿನಂತೆ, ನ್ಯಾಯಾಲಯದ ಡಿಕ್ರಿಯ ಹಾಗೆಯೇ ಜಾರಿಯಾಗುತ್ತದೆ. ಆದ್ದರಿಂದ ಈ ಷರತ್ತು ಯಾರನ್ನು ಕಟ್ಟಿಹಾಕುತ್ತದೆ, ಎಲ್ಲಿಯವರೆಗೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆ ಗಂಭೀರವಾದದ್ದು. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮನೆತನದ ವ್ಯಾಪಾರಗಳಲ್ಲಿ ಕಾಗದ ಅಂಗಡಿಯ ಬಗ್ಗೆ ಇರುತ್ತದೆ, ಜಗಳ ಇಡೀ ಮನೆಯದ್ದಾಗಿರುತ್ತದೆ. ಕಾಗದ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಷರತ್ತು ಗಟ್ಟಿ. ಅದರಾಚೆ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ.

ಮೊದಲು ಷರತ್ತಿನ ಮಾತುಗಳನ್ನೇ ನೋಡೋಣ. ಬರೆದದ್ದೆಲ್ಲ ಆರ್ಬಿಟ್ರೇಷನ್ ಒಪ್ಪಂದವಾಗುವುದಿಲ್ಲ. 2007ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಜಗದೀಶ್ ಚಂದರ್ ಪ್ರಕರಣದಲ್ಲಿ ಒಂದು ಪಾಲುದಾರಿಕೆ ಪತ್ರದ ಷರತ್ತು ಚರ್ಚೆಗೆ ಬಂತು. ತಕರಾರನ್ನು ಪಾಲುದಾರರು ಪರಸ್ಪರ ತೀರ್ಮಾನಿಸಿಕೊಳ್ಳಬೇಕು, ಇಲ್ಲವೇ ಪಕ್ಷಗಳು ಹಾಗೆಂದು ನಿಶ್ಚಯಿಸಿದರೆ ಆರ್ಬಿಟ್ರೇಷನ್ನಿಗೆ ಒಪ್ಪಿಸಬೇಕು ಎಂಬುದು ಅದರ ಅರ್ಥ. ‘ನಿಶ್ಚಯಿಸಿದರೆ’ ಎಂದಿರುವುದರಿಂದ ಮುಂದೆ ಇನ್ನೊಂದು ಒಪ್ಪಿಗೆ ಬೇಕಾಗುತ್ತದೆ, ಹಾಗಾಗಿ ಇದು ಈಗಲೇ ಕಟ್ಟುಬಿದ್ದ ಒಪ್ಪಂದವಲ್ಲ ಎಂದು ನ್ಯಾಯಾಲಯ ಹೇಳಿತು. ಜಗಳವಾದ ಮೇಲೆ ಆ ಎರಡನೆಯ ಒಪ್ಪಿಗೆ ಯಾರು ಕೊಡುತ್ತಾರೆ? ನಮ್ಮ ಪತ್ರಗಳಲ್ಲಿ ‘ಒಪ್ಪಿಸಬಹುದು’, ‘ಒಪ್ಪಿಸತಕ್ಕದ್ದು’ ಎಂಬ ಎರಡು ಪದಗಳನ್ನು ಬರಹಗಾರರು ಒಂದೇ ಎಂಬಂತೆ ಬಳಸುತ್ತಾರೆ. ಒಂದು ಕುಟುಂಬದ ಹಲವು ವರ್ಷಗಳ ವ್ಯಾಜ್ಯ ಈ ಎರಡರ ನಡುವಿನ ಅಂತರದ ಮೇಲೇ ನಿಂತುಬಿಡಬಹುದು.

ಇನ್ನೂ ದೊಡ್ಡ ಉದಾಹರಣೆ ಮೋದಿ ಉದ್ಯಮ ಮನೆತನದ್ದು. ಗುಜರ್‌ಮಲ್ ಮೋದಿ ಅವರ ಐವರು ಮಕ್ಕಳು ಒಂದು ಕಡೆ, ಅವರ ಚಿಕ್ಕಪ್ಪ ಕೇದಾರನಾಥ ಮೋದಿ ಮತ್ತು ಅವರ ಮಕ್ಕಳು ಇನ್ನೊಂದು ಕಡೆ. 1989ರ ಜನವರಿ 24ರಂದು ಎರಡೂ ಗುಂಪುಗಳು ಕಂಪನಿಗಳನ್ನು ಹಂಚಿಕೊಳ್ಳುವ ಒಡಂಬಡಿಕೆಗೆ ಸಹಿ ಹಾಕಿದವು. ಅದನ್ನು ಜಾರಿಗೆ ತರುವಲ್ಲಿ ತಕರಾರು ಬಂದರೆ ಭಾರತೀಯ ಕೈಗಾರಿಕಾ ಹಣಕಾಸು ನಿಗಮದ ಅಧ್ಯಕ್ಷರಿಗೆ ಒಪ್ಪಿಸುವುದು, ಅವರ ತೀರ್ಮಾನವೇ ಅಂತಿಮ, ಎರಡೂ ಗುಂಪು ಅದಕ್ಕೆ ಬದ್ಧ ಎಂದು ಬರೆಯಲಾಗಿತ್ತು. ‘ಅಂತಿಮ’, ‘ಬದ್ಧ’ ಎಂದಿದ್ದ ಮೇಲೆ ಅದು ಆರ್ಬಿಟ್ರೇಷನ್ ಅಲ್ಲದೆ ಮತ್ತೇನು ಎಂದು ಓದಿದವರಿಗೆ ಅನ್ನಿಸುತ್ತದೆ. 1998ರಲ್ಲಿ ಸುಪ್ರೀಂ ಕೋರ್ಟು, ಕೆ.ಕೆ. ಮೋದಿ ಪ್ರಕರಣದಲ್ಲಿ, ಅಲ್ಲ ಎಂದಿತು. ಎರಡೂ ಕಡೆಯ ಸಾಕ್ಷ್ಯ ಕೇಳಿ, ವಾದ ಕೇಳಿ, ನ್ಯಾಯಾಧೀಶರಂತೆ ತೀರ್ಪು ಕೊಡುವ ಕೆಲಸವನ್ನು ಅಧ್ಯಕ್ಷರಿಗೆ ವಹಿಸಿರಲಿಲ್ಲ. ಹಂಚಿಕೆಯನ್ನು ನಡೆಸಿಕೊಡುವಾಗ ಏಳುವ ತೊಡಕುಗಳನ್ನು ಅವರು ತಮ್ಮ ತಿಳಿವಳಿಕೆಯಿಂದ, ತಜ್ಞರನ್ನು ಕೇಳಿಕೊಂಡು ಬಿಡಿಸಬೇಕಾಗಿತ್ತು ಅಷ್ಟೇ. ಅದು ತಜ್ಞರ ನಿರ್ಣಯ. ಆರ್ಬಿಟ್ರೇಷನ್ನಿನ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಮನೆಯ ಆಡಿಟರಿಗೆ ‘ಲೆಕ್ಕ ನೋಡಿ ಹೇಳಿ, ಒಪ್ಪುತ್ತೇವೆ’ ಎಂದು ಬರೆದುಕೊಡುವ ಕುಟುಂಬಗಳು ಈ ತೀರ್ಪನ್ನು ತಿಳಿದಿರಬೇಕು.

ಆಡಿಟರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಪತ್ರದಲ್ಲೇ ಆರ್ಬಿಟ್ರೇಟರ ಹೆಸರು ಬರೆಯುವ ವಾಡಿಕೆ ನಮ್ಮಲ್ಲಿದೆ: ದೊಡ್ಡಣ್ಣ, ಇಲ್ಲವೇ ಸಂಸ್ಥೆಯ ಲೆಕ್ಕ ನೋಡುವ ಆಡಿಟರು. 2015ರ ತಿದ್ದುಪಡಿಯ ನಂತರ ಇದು ನಡೆಯುವುದಿಲ್ಲ. ಕಾಯ್ದೆಯ ಏಳನೇ ಅನುಸೂಚಿಯ ಪ್ರಕಾರ ಒಂದು ಪಕ್ಷದ ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಆರ್ಬಿಟ್ರೇಟರಾಗಲು ಅನರ್ಹರು. ಪಕ್ಷದೊಂದಿಗೆ ವ್ಯವಹಾರ ಸಂಬಂಧ ಇಟ್ಟುಕೊಂಡ ಸಲಹೆಗಾರರೂ ಅನರ್ಹರು. ತಕರಾರು ಹುಟ್ಟಿದ ಮೇಲೆ ಎಲ್ಲರೂ ಸೇರಿ ಬರಹದಲ್ಲಿ ‘ಇವರೇ ಇರಲಿ’ ಎಂದರೆ ಮಾತ್ರ ಅನರ್ಹತೆ ಹೋಗುತ್ತದೆ. ಹೆಸರು ಬಿದ್ದುಹೋದರೆ ಷರತ್ತೂ ಬಿದ್ದುಹೋಯಿತೆಂದು ಮಾತ್ರ ತಿಳಿಯಬಾರದು. ನೋಟೀಸು ಕೊಟ್ಟು ಮೂವತ್ತು ದಿನಗಳಲ್ಲಿ ಎದುರು ಪಕ್ಷ ಸ್ಪಂದಿಸದಿದ್ದರೆ 11ನೇ ಕಲಮಿನಡಿ ಹೈಕೋರ್ಟಿಗೆ ಹೋಗಬಹುದು. ಹೈಕೋರ್ಟು ಹೊರಗಿನ ಒಬ್ಬರನ್ನು ನೇಮಿಸುತ್ತದೆ. ನ್ಯಾಯಾಲಯ ಇಲ್ಲಿ ಕೈಹಾಕುವುದು ಆರ್ಬಿಟ್ರೇಷನ್ ನಡೆಯಲಿ ಎಂದೇ.

ಇನ್ನು ಮೋಸದ ಆರೋಪ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ‘ಮೋಸ’ ಎಂಬ ಪದ ಬರದ ದಾವೆಪತ್ರ ಅಪರೂಪ. ಬಹಳ ಕಾಲ ಆ ಪದವೇ ಷರತ್ತಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಪಾಲುದಾರರೊಬ್ಬರ ಮೇಲೆ ಗಂಭೀರ ಮೋಸದ ಆರೋಪವಿದ್ದರೆ ಅದನ್ನು ಸಿವಿಲ್ ನ್ಯಾಯಾಲಯವೇ ವಿಚಾರಿಸಬೇಕೆಂದು ರಾಧಾಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ದಾವೆಪತ್ರದಲ್ಲಿ ಎರಡು ಪ್ಯಾರಾ ಮೋಸದ ಬಗ್ಗೆ ಸೇರಿಸಿದರೆ ಆರ್ಬಿಟ್ರೇಷನ್ ತಪ್ಪುತ್ತದೆ ಎಂಬ ಲೆಕ್ಕಾಚಾರ ಅಲ್ಲಿಂದ ಬೆಳೆಯಿತು.

ಅದನ್ನು ತಿದ್ದಿದ್ದು ತಿರುನೆಲ್ವೇಲಿಯ ಒಂದು ಹೋಟೆಲಿನ ವ್ಯಾಜ್ಯ, ಕಾನೂನು ವರದಿಗಳಲ್ಲಿ ಅಯ್ಯಸಾಮಿ ಪ್ರಕರಣವೆಂದು ಹೆಸರಾದದ್ದು. 1994ರ ಏಪ್ರಿಲ್ 1ರ ಪಾಲುದಾರಿಕೆ ಪತ್ರದ ಮೇಲೆ ಕುಟುಂಬವೊಂದು ಹೋಟೆಲ್ ನಡೆಸುತ್ತಿತ್ತು. ತಂದೆ ತೀರಿಕೊಂಡ ಮೇಲೆ ಆಡಳಿತ ಹಿರಿಯ ಮಗನ ಕೈಗೆ ಬಂತು. ದಿನದ ವಸೂಲಿ ಹೋಟೆಲಿನ ಬ್ಯಾಂಕ್ ಖಾತೆಗೆ ಜಮಾ ಆಗುತ್ತಿಲ್ಲ, ಸುಮಾರು ಹತ್ತು ಲಕ್ಷ ರೂಪಾಯಿಯ ಚೆಕ್ಕನ್ನು ಉಳಿದವರಿಗೆ ತಿಳಿಸದೆ ತನ್ನ ಮಗನ ಹೆಸರಿಗೆ ಕೊಡಲಾಗಿದೆ ಎಂಬಂಥ ಆರೋಪ ಹೊರಿಸಿ, ಆಡಳಿತದಲ್ಲಿ ತಮಗೂ ಭಾಗ ಬೇಕೆಂದು ತಮ್ಮಂದಿರು ದಾವೆ ಹೂಡಿದರು. ಅಣ್ಣ 8ನೇ ಕಲಮಿನ ಅರ್ಜಿ ಹಾಕಿ, ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತಿದೆ, ಅಲ್ಲಿಗೆ ಕಳಿಸಿ ಎಂದ. ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ, ಮದ್ರಾಸ್ ಹೈಕೋರ್ಟೂ ಒಪ್ಪಲಿಲ್ಲ. 2016ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಸಿಕ್ರಿ ಮತ್ತು ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಎರಡೂ ಆದೇಶಗಳನ್ನು ರದ್ದುಮಾಡಿತು.

ಪೀಠ ನೋಡಿದ್ದು ಆರೋಪದ ಒಳಗೇನಿದೆ ಎಂಬುದನ್ನು. ಬರಬೇಕಾದ ಹಣ ಖಾತೆಗೆ ಬಂತೇ ಇಲ್ಲವೇ, ಚೆಕ್ಕು ಯಾಕೆ ಹೋಯಿತು: ಇವು ಲೆಕ್ಕದ ಪುಸ್ತಕ ಬಿಚ್ಚಿದರೆ ಗೊತ್ತಾಗುವ ಸಂಗತಿಗಳು. ಆರ್ಬಿಟ್ರೇಟರು ಪುಸ್ತಕ ಬಿಚ್ಚಬಲ್ಲರು. ಆರೋಪ ಗುರುತರವಾಗಿದ್ದು, ಅಪರಾಧದ ಸ್ವರೂಪದ್ದಾಗಿದ್ದು, ಖೊಟ್ಟಿ ದಾಖಲೆ ಸೃಷ್ಟಿಯಂಥದ್ದು ಸೇರಿಕೊಂಡು ಅಪಾರ ಸಾಕ್ಷ್ಯ ಬೇಕಾಗುವಂತಿದ್ದರೆ, ಅಥವಾ ಮೋಸ ಆರ್ಬಿಟ್ರೇಷನ್ ಷರತ್ತನ್ನೇ ಕೆಡಿಸಿದ್ದರೆ, ಆಗ ಮಾತು ಬೇರೆ. ನಂತರದ ತೀರ್ಪುಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿ ಎರಡು ಪ್ರಶ್ನೆಗಳಿಗೆ ಇಳಿಸಿವೆ. ಸಹಿಯೇ ನನ್ನದಲ್ಲ ಎಂಬ ಹಾಗೆ ಮೋಸ ಇಡೀ ಒಪ್ಪಂದವನ್ನು, ಷರತ್ತನ್ನೂ ಸೇರಿಸಿ, ವ್ಯಾಪಿಸಿದೆಯೇ? ಅಥವಾ ಆರೋಪ ಪಕ್ಷಗಳ ಒಳವ್ಯವಹಾರ ದಾಟಿ ಸಾರ್ವಜನಿಕರನ್ನು ಮುಟ್ಟುತ್ತದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆರ್ಬಿಟ್ರೇಷನ್ನೇ. 2020ರ ಡಿಸೆಂಬರಿನಲ್ಲಿ ವಿದ್ಯಾ ಡ್ರೋಲಿಯಾ ಪ್ರಕರಣದ ಮೂವರು ನ್ಯಾಯಮೂರ್ತಿಗಳ ಪೀಠ ರಾಧಾಕೃಷ್ಣನ್ ತೀರ್ಪನ್ನು ತಳ್ಳಿಹಾಕಿತು. ಈ ಬದಲಾವಣೆ ಸರಿಯಾದದ್ದೆಂದು ನಾನು ನಂಬುತ್ತೇನೆ. ಅಣ್ಣ ಲೆಕ್ಕ ಕೊಡಲಿಲ್ಲ ಎಂಬ ದೂರೇ ಪಾಲುದಾರಿಕೆಯ ಮೂಲ ತಕರಾರು. ಅದಕ್ಕೆ ಮೋಸವೆಂದು ಹೆಸರಿಟ್ಟ ಮಾತ್ರಕ್ಕೆ ಷರತ್ತು ಕಳಚುವುದಾದರೆ, ಷರತ್ತನ್ನು ಬರೆಯುವುದೇ ವ್ಯರ್ಥ.

ಈಗ ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಂಡು ಎಲ್ಲವನ್ನೂ ಹೊಂದಿಸಿ ನೋಡೋಣ. ಸಿಂಧನೂರು ಕಡೆ ಒಂದು ಅಕ್ಕಿ ಗಿರಣಿ. ತಂದೆ, ಇಬ್ಬರು ಗಂಡುಮಕ್ಕಳು ಪಾಲುದಾರರು. ತಂದೆಗೆ ನೂರಕ್ಕೆ 40, ಮಕ್ಕಳಿಗೆ ತಲಾ 30. ಪಾಲುದಾರರೊಬ್ಬರು ತೀರಿಕೊಂಡರೂ ಸಂಸ್ಥೆ ಮುಂದುವರಿಯತಕ್ಕದ್ದು, ತಕರಾರು ಬಂದರೆ ಆರ್ಬಿಟ್ರೇಷನ್ನಿಗೆ ಒಪ್ಪಿಸತಕ್ಕದ್ದು ಎಂದು ಪತ್ರದಲ್ಲಿದೆ. ಗಿರಣಿ ನಿಂತಿರುವ ಎರಡು ಎಕರೆ ಜಾಗವನ್ನೂ ಊರಿನ ಮನೆಯನ್ನೂ ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದು. ತಾಯಿ ಇದ್ದಾರೆ, ಬಳ್ಳಾರಿಗೆ ಮದುವೆಯಾಗಿ ಹೋದ ಮಗಳೊಬ್ಬಳಿದ್ದಾಳೆ. ಇವರಿಬ್ಬರೂ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರು. ಹಿರಿಯ ಮಗ ಬ್ಯಾಂಕಿನಲ್ಲಿ ಸಹಿ ಬದಲಿಸಿದ, ದಾಸ್ತಾನು ಪುಸ್ತಕವನ್ನು ಮನೆಗೆ ಒಯ್ದ, ತಮ್ಮನಿಗೆ ಗಿರಣಿಯ ಗೇಟು ಮುಚ್ಚಿತು.

ತಮ್ಮನ ಮೊದಲ ಅಗತ್ಯ ಭತ್ತದ ದಾಸ್ತಾನು ರಾತ್ರೋರಾತ್ರಿ ಖಾಲಿಯಾಗದಂತೆ ನೋಡಿಕೊಳ್ಳುವುದು. ಷರತ್ತಿದ್ದರೂ ಇದಕ್ಕೆ ನ್ಯಾಯಾಲಯಕ್ಕೆ ಹೋಗಬಹುದು. 9ನೇ ಕಲಮಿನಡಿ ಅರ್ಜಿ ಹಾಕಿ ದಾಸ್ತಾನಿನ ಪಟ್ಟಿ ಮಾಡಲು ಕಮಿಷನರನ್ನು ಕೇಳಬಹುದು, ಖಾತೆಯಿಂದ ಹಣ ತೆಗೆಯದಂತೆ ತಡೆಯಾಜ್ಞೆ ಕೇಳಬಹುದು, ತೀರಾ ಅಗತ್ಯವಿದ್ದರೆ ರಿಸೀವರನ್ನೂ ಕೇಳಬಹುದು. ಒಂದು ಎಚ್ಚರಿಕೆ: ಆದೇಶ ಸಿಕ್ಕ ತೊಂಬತ್ತು ದಿನಗಳೊಳಗೆ ಆರ್ಬಿಟ್ರೇಷನ್ ಶುರುವಾಗಬೇಕು. ಶುರುವಾಯಿತೆಂದು ಕಾನೂನು ಎಣಿಸುವುದು ತಕರಾರನ್ನು ಆರ್ಬಿಟ್ರೇಷನ್ನಿಗೆ ಒಪ್ಪಿಸಬೇಕೆಂಬ ನೋಟೀಸು ಅಣ್ಣನ ಕೈಗೆ ತಲುಪಿದ ದಿನದಿಂದ. ತಡೆಯಾಜ್ಞೆ ಸಿಕ್ಕ ಸಮಾಧಾನದಲ್ಲಿ ನೋಟೀಸನ್ನೇ ಮರೆತವರುಂಟು. ಆರ್ಬಿಟ್ರೇಟರು ಬಂದು ಕೂತ ಮೇಲೆ ಇಂಥ ಆಜ್ಞೆಗಳನ್ನು ಸಾಮಾನ್ಯವಾಗಿ ಅವರಲ್ಲೇ ಕೇಳಬೇಕು.

ತಮ್ಮ ಹಾಗೆ ಮಾಡದೆ ಗಿರಣಿಯ ಲೆಕ್ಕ, ಗಿರಣಿಯ ಜಾಗ, ಮನೆ ಎಲ್ಲವನ್ನೂ ಒಂದೇ ದಾವೆಯಲ್ಲಿ ಕಟ್ಟಿ, ಅಣ್ಣ, ತಾಯಿ, ಅಕ್ಕ ಮೂವರನ್ನೂ ಪ್ರತಿವಾದಿಗಳನ್ನಾಗಿ ಮಾಡಿದ ಎಂದುಕೊಳ್ಳಿ. ಮನೆತನದ ವ್ಯಾಜ್ಯ ಬರುವುದು ಹೆಚ್ಚಾಗಿ ಹೀಗೆಯೇ. ಅಣ್ಣನಿಗೆ ಷರತ್ತು ಬೇಕಾಗಿದ್ದರೆ ಅವನು ತನ್ನ ಲಿಖಿತ ಹೇಳಿಕೆ ಸಲ್ಲಿಸುವ ದಿನದೊಳಗೆ 8ನೇ ಕಲಮಿನ ಅರ್ಜಿಯನ್ನು, ಪತ್ರದ ಮೂಲ ಅಥವಾ ದೃಢೀಕೃತ ಪ್ರತಿಯೊಂದಿಗೆ, ಹಾಕಬೇಕು. ತಡೆಯಾಜ್ಞೆಯ ಅರ್ಜಿಗೆ ತಕರಾರು ಸಲ್ಲಿಸಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅರ್ಜಿಯಿಲ್ಲದೆ ಇಡೀ ದಾವೆಗೆ ಉತ್ತರ ಬರೆದು, ಸಾಕ್ಷಿ ವಿಚಾರಣೆಗೆ ಇಳಿದು, ಗಾಳಿ ಎದುರಾಗಿ ಬೀಸತೊಡಗಿದ ಮೇಲೆ ಷರತ್ತನ್ನು ಹೊರತೆಗೆದರೆ ನ್ಯಾಯಾಲಯ ಕೇಳುವುದಿಲ್ಲ. ಷರತ್ತನ್ನು ಇಬ್ಬರೂ ಬಿಟ್ಟುಕೊಟ್ಟರೆಂದೇ ಅರ್ಥ.

ಅರ್ಜಿ ಸಕಾಲದಲ್ಲಿ ಬಂತೆನ್ನಿ. ಆಗ ನ್ಯಾಯಾಲಯ ದಾವೆಯ ಆಸ್ತಿಗಳನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ಮನೆಯ ವಿಷಯ ಸರಳ. ಅದು ತಂದೆಯ ಸ್ವಂತ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ ಮತ್ತು ಮೂವರು ಮಕ್ಕಳಿಗೆ ತಲಾ ನಾಲ್ಕನೇ ಒಂದು ಪಾಲು. ಪಾಲುದಾರಿಕೆ ಪತ್ರಕ್ಕೂ ಮನೆಗೂ ಸಂಬಂಧವೇ ಇಲ್ಲ. ಪಾಲುವಿಭಾಗದ ದಾವೆಗೆ ಎಲ್ಲ ಹಕ್ಕುದಾರರೂ ಬೇಕು. ಸಹಿ ಹಾಕದ ತಾಯಿಯನ್ನೂ ಮಗಳನ್ನೂ ಆರ್ಬಿಟ್ರೇಟರ ಮುಂದೆ ಎಳೆಯಲು ಯಾರಿಗೂ ಅಧಿಕಾರವಿಲ್ಲ. ಇದು ಸಿವಿಲ್ ನ್ಯಾಯಾಲಯದಲ್ಲೇ ನಡೆಯಬೇಕು.

ಲೆಕ್ಕದ ವಿಷಯವೂ ಸರಳವೆಂದು ತೋರುತ್ತದೆ: ಅಣ್ಣತಮ್ಮ ಇಬ್ಬರೂ ಸಹಿ ಹಾಕಿದವರು, ಅವರ ನಡುವಿನ ಲೆಕ್ಕ ಆರ್ಬಿಟ್ರೇಟರಿಗೆ. ಆದರೆ ತಂದೆಯ ನೂರಕ್ಕೆ 40? ಆ ಪಾಲಿನ ಹಣದಲ್ಲಿ ಮಗಳಿಗೂ ತಾಯಿಗೂ ಹಕ್ಕಿದೆ. ನಾವು ಸಹಿ ಹಾಕಿಲ್ಲ ಎಂದು ಅವರು ಇಲ್ಲಿ ಹೇಳುವಂತಿಲ್ಲ. ಯಾಕೆಂದರೆ ಈ ಹಕ್ಕು ಅವರಿಗೆ ಬಂದದ್ದು ಸಹಿ ಹಾಕಿದ ತಂದೆಯ ಮೂಲಕ. ಸಾವಿನಿಂದ ಆರ್ಬಿಟ್ರೇಷನ್ ಒಪ್ಪಂದ ರದ್ದಾಗುವುದಿಲ್ಲ, ಮೃತರ ವಾರಸುದಾರರಿಗೆ ಅದು ಅನ್ವಯಿಸುತ್ತದೆ ಎಂದು 40ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹೀಗೆ ಅದೇ ಹೆಣ್ಣುಮಗಳು ಮನೆಯ ಪಾಲಿಗೆ ನ್ಯಾಯಾಲಯಕ್ಕೆ ಹೋಗಬಹುದು, ಗಿರಣಿಯ ಲೆಕ್ಕದಲ್ಲಿ ತಂದೆಯ ಪಾಲಿಗೆ ಆರ್ಬಿಟ್ರೇಟರ ಮುಂದೆ ಕೂರಬೇಕು. ಇದು ಅನೇಕ ವಕೀಲರ ಕಣ್ಣುತಪ್ಪುವ ಜಾಗ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಿಜವಾದ ಹೋರಾಟ ನಡೆಯುವುದು ಎರಡು ಎಕರೆಯ ಮೇಲೆ. ಪಹಣಿಯಲ್ಲಿ ತಂದೆಯ ಹೆಸರಿದೆ. ತಂದೆ ಅದನ್ನು ಸಂಸ್ಥೆಗೆ ಬಂಡವಾಳವಾಗಿ ತಂದಿದ್ದರೇ, ಅಥವಾ ಗಿರಣಿ ಕಟ್ಟಿಕೊಳ್ಳಲು ಸುಮ್ಮನೆ ಬಿಟ್ಟುಕೊಟ್ಟಿದ್ದರೇ? ಬಂಡವಾಳವಾಗಿ ತಂದಿದ್ದರೆ ಅದು ಸಂಸ್ಥೆಯ ಆಸ್ತಿ. ಆಗ ಪಾಲುದಾರನಿಗೆ ಇರುವುದು ಜಮೀನಿನ ತುಂಡಲ್ಲ, ಸಾಲ ತೀರಿಸಿ ಉಳಿದದ್ದರಲ್ಲಿ ಹಣದ ಪಾಲು ಎಂದು 1966ರ ಅಡ್ಡಂಕಿ ನಾರಾಯಣಪ್ಪ ಪ್ರಕರಣದಿಂದ ಇತ್ತೀಚಿನವರೆಗೂ ಸುಪ್ರೀಂ ಕೋರ್ಟು ಹೇಳುತ್ತ ಬಂದಿದೆ. ಆಗ ಜಾಗವೂ ಲೆಕ್ಕದೊಳಗೆ ಬಂತು, ಆರ್ಬಿಟ್ರೇಟರ ಪಾಲಿಗೆ ಹೋಯಿತು. ಬರೀ ಬಳಸಲು ಬಿಟ್ಟಿದ್ದರೆ ಅದು ಮನೆಯಂತೆಯೇ ನಾಲ್ವರ ಆಸ್ತಿ. ಇದನ್ನು ತಿಳಿಯಲು ನೋಡಬೇಕಾದದ್ದು ಪತ್ರದ ಬಂಡವಾಳದ ಷರತ್ತು, ವರ್ಷವರ್ಷದ ಆಸ್ತಿಹೊಣೆ ಪಟ್ಟಿ, ಜಾಗಕ್ಕೆ ಸಂಸ್ಥೆ ತಂದೆಗೆ ಬಾಡಿಗೆ ಕೊಟ್ಟ ದಾಖಲೆ, ಬ್ಯಾಂಕಿಗೆ ಅಡವಿಟ್ಟಾಗ ಯಾರು ಮಾಲೀಕರೆಂದು ಬರೆದಿದೆ ಎಂಬುದು. ವರ್ಷವರ್ಷವೂ ಬಾಡಿಗೆ ಕೊಟ್ಟಿದ್ದರೆ ಅದು ಸಂಸ್ಥೆಯ ಆಸ್ತಿ ಎನ್ನುವುದು ಕಷ್ಟ.

ದಾವೆಯನ್ನು ಒಡೆದು ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ ಕಳಿಸಬಹುದೇ? ಪಾಲುದಾರಿಕೆಯದ್ದೇ ಆದ 2003ರ ಸುಕನ್ಯಾ ಹೋಲ್ಡಿಂಗ್ಸ್ ಪ್ರಕರಣದಲ್ಲಿ, ಕಾಯ್ದೆಯಲ್ಲಿ ಹಾಗೆ ಒಡೆಯಲು ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತ್ತು. 2015ರ ತಿದ್ದುಪಡಿ 8ನೇ ಕಲಮನ್ನು ಹಿಗ್ಗಿಸಿತು. ಈಗ ಪಕ್ಷದ ಮೂಲಕ ಹಕ್ಕು ಹೇಳುವವರೂ ಅರ್ಜಿ ಹಾಕಬಹುದು, ಮೇಲ್ನೋಟಕ್ಕೆ ಒಪ್ಪಂದವೇ ಇಲ್ಲವೆಂದು ಕಂಡರೆ ಮಾತ್ರ ನ್ಯಾಯಾಲಯ ನಿರಾಕರಿಸಬಹುದು. ಆದರೂ ನಾಲ್ವರ ಜಮೀನು, ಮೂವರ ಲೆಕ್ಕ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿದ್ದರೆ ನ್ಯಾಯಾಲಯಗಳು ದಾವೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಸಾಧ್ಯತೆ ಹೆಚ್ಚು. ಕೆಲವರು ಬೇಕೆಂದೇ ಒಂದು ಸಣ್ಣ ನಿವೇಶನವನ್ನು ಸೇರಿಸಿ ಸಹಿ ಹಾಕದವರೊಬ್ಬರನ್ನು ಎಳೆತಂದು ಷರತ್ತು ತಪ್ಪಿಸಲು ನೋಡುತ್ತಾರೆ. ದಾವೆಯ ನಿಜವಾದ ತಿರುಳು ಯಾವುದೆಂದು ನ್ಯಾಯಾಧೀಶರು ಕೇಳಬೇಕಾದದ್ದು ಇಂಥಲ್ಲಿ. ಉಯಿಲೊಂದು ನಿಜವೋ ಸುಳ್ಳೋ ಎಂಬ ಪ್ರೊಬೇಟಿನ ಪ್ರಶ್ನೆ ಬಂದರಂತೂ ಅದು ಆರ್ಬಿಟ್ರೇಟರಿಗೆ ಹೋಗುವುದಿಲ್ಲ.

ಛಾಪಾ ಕಾಗದದ ಬಗ್ಗೆ ಎರಡು ಮಾತು ಹೇಳಲೇಬೇಕು, ಅದರ ಕಥೆ ಬೆಂಗಳೂರಿಗೂ ಸೇರಿದ್ದು. ಬೆಂಗಳೂರಿನ ಒಂದು ಛತ್ರದ ಟ್ರಸ್ಟಿನ ಗುತ್ತಿಗೆ ಪತ್ರಕ್ಕೆ ಸಾಕಷ್ಟು ಮುದ್ರಾಂಕ ಶುಲ್ಕ ಕಟ್ಟಿಲ್ಲವೆಂಬ ಕಾರಣಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು ಆರ್ಬಿಟ್ರೇಟರ ನೇಮಕವನ್ನು ರದ್ದುಮಾಡಿತ್ತು. 2023ರ ಏಪ್ರಿಲಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದೇ ದಾರಿ ಹಿಡಿಯಿತು. ಬೆಂಗಳೂರಿನ ಆ ಪ್ರಕರಣದ ಕ್ಯುರೇಟಿವ್ ಅರ್ಜಿಯಲ್ಲಿ ವಿಷಯ ಏಳು ನ್ಯಾಯಮೂರ್ತಿಗಳ ಮುಂದೆ ಹೋಗಿ, 2023ರ ಡಿಸೆಂಬರ್ 13ರಂದು ಎಲ್ಲವೂ ತಿರುಗಿತು. ಶುಲ್ಕ ಕಡಿಮೆಯಿದ್ದರೆ ಒಪ್ಪಂದ ಶೂನ್ಯವಾಗುವುದಿಲ್ಲ, ಅದನ್ನು ಸಾಕ್ಷ್ಯವಾಗಿ ಬಳಸಲಾಗದು ಅಷ್ಟೇ, ಆ ಕೊರತೆ ತುಂಬಬಹುದಾದದ್ದು, ಅದನ್ನು ಆರ್ಬಿಟ್ರೇಟರೇ ನೋಡಲಿ ಎಂಬುದು ಈಗಿನ ಕಾನೂನು. ಕೊರತೆ ತುಂಬುವುದು ಅಗ್ಗವೆಂದು ತಿಳಿಯಬೇಡಿ. ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನಡಿ ಕೊರತೆಯ ಶುಲ್ಕದ ಹತ್ತು ಪಟ್ಟು ದಂಡ ತೆರಬೇಕಾಗುತ್ತದೆ.

ಅವಾರ್ಡು ಬಂದ ಮೇಲೆ ಸೋತವರು ಮೂರು ತಿಂಗಳೊಳಗೆ, ತಕ್ಕ ಕಾರಣವಿದ್ದರೆ ಇನ್ನೂ ಮೂವತ್ತು ದಿನಗಳೊಳಗೆ, 34ನೇ ಕಲಮಿನ ಅರ್ಜಿ ಹಾಕಬಹುದು. ಅದು ಮೇಲ್ಮನವಿಯಲ್ಲ. ಆರ್ಬಿಟ್ರೇಟರು ದಾಸ್ತಾನಿಗೆ ಕಟ್ಟಿದ ಬೆಲೆ ಹೆಚ್ಚಾಯಿತು, ಸಾಕ್ಷಿಯೊಬ್ಬರನ್ನು ನಂಬಬಾರದಿತ್ತು ಎಂದರೆ ನ್ಯಾಯಾಲಯ ಕೈಹಾಕುವುದಿಲ್ಲ. ನಮ್ಮ ಗಿರಣಿಯ ಉದಾಹರಣೆಯಲ್ಲಿ ಅಣ್ಣನಿಗೆ ಲೆಕ್ಕ ತೋರಿಸಲು ಅವಕಾಶವನ್ನೇ ಕೊಡದಿದ್ದರೆ ಅಥವಾ ಪತ್ರದ ಹೊರಗಿನ ಮನೆಯನ್ನೂ ಆರ್ಬಿಟ್ರೇಟರು ಹಂಚಿಬಿಟ್ಟಿದ್ದರೆ ಅವಾರ್ಡು ಬೀಳುತ್ತದೆ. ಹೊರಗಿನ ಭಾಗವನ್ನು ಬೇರ್ಪಡಿಸಲು ಸಾಧ್ಯವಾದರೆ ಉಳಿದದ್ದು ನಿಲ್ಲುತ್ತದೆ. ಲೆಕ್ಕ ಕೂಡಿಸಿದ್ದರಲ್ಲಿ ಕಣ್ಣಿಗೆ ಕಾಣುವ ತಪ್ಪಿದ್ದರೆ ನ್ಯಾಯಾಲಯ ತಿದ್ದಬಹುದೆಂದು 2025ರ ಏಪ್ರಿಲ್ 30ರಂದು ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಸಂವಿಧಾನ ಪೀಠ ಬಹುಮತದಿಂದ ಹೇಳಿದೆ. ಅದಕ್ಕೂ ಮಿತಿಗಳಿವೆ.

ಸಿಂಧನೂರಿನ ಆ ನಾಲ್ವರಿಗೆ ಇನ್ನೊಂದು ದಾರಿಯೂ ಇದೆ. ಜಗಳ ಶುರುವಾದ ಮೇಲೂ ತಾಯಿ, ಮಗಳು, ಗಂಡುಮಕ್ಕಳಿಬ್ಬರು ಸೇರಿ ಹೊಸದೊಂದು ಒಪ್ಪಂದಕ್ಕೆ ಸಹಿ ಹಾಕಿ, ಗಿರಣಿ, ಜಾಗ, ಮನೆ ಮೂರನ್ನೂ ಹೆಸರಿಸಿ, ಸರ್ವೆ ನಂಬರು, ಚಕ್ಕುಬಂದಿ ಬರೆದು ಒಬ್ಬ ಆರ್ಬಿಟ್ರೇಟರಿಗೆ ಒಪ್ಪಿಸಬಹುದು. ಹಕ್ಕುದಾರರೆಲ್ಲ ವಯಸ್ಕರಾಗಿದ್ದು ಎಲ್ಲರೂ ಸಹಿ ಹಾಕಿದರೆ ಪಾಲುವಿಭಾಗವೂ ಆರ್ಬಿಟ್ರೇಷನ್ನಿಗೆ ಸಲ್ಲುತ್ತದೆ. ನ್ಯಾಯಾಲಯದಲ್ಲಿ ಈಗಾಗಲೇ ದಾವೆಯಿದ್ದರೆ ಆ ಒಪ್ಪಂದವನ್ನು ಅಲ್ಲಿ ಹಾಜರುಪಡಿಸಿ ಕಳಿಸಿಕೊಡಿ ಎಂದು ಕೇಳಬಹುದು. ಹಾಗೆ ಬಂದ ಅವಾರ್ಡು ಸ್ಥಿರಾಸ್ತಿಯಲ್ಲಿ ಹಕ್ಕು ಸೃಷ್ಟಿಸುವುದರಿಂದ ಅದಕ್ಕೆ ತಕ್ಕ ಮುದ್ರಾಂಕ ಶುಲ್ಕ ಕಟ್ಟಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ಅವಾರ್ಡಿನ ದಿನಾಂಕದಿಂದ ನಾಲ್ಕು ತಿಂಗಳು ಅದಕ್ಕಿರುವ ಸಾಮಾನ್ಯ ಅವಧಿ.